ಮೊದಲ ಸಾಲು ಸರಿ, ಕೊನೆಯ ಸಾಲು ತಪ್ಪು: ಮಕ್ಕಳ ಫಾರ್ಮುಲಾದಲ್ಲಿ ಡಾಲರ್ ಎಲ್ಲಿ ಜಾರುತ್ತದೆ?

ಪ್ರಶ್ನೆ: ಸರ್, ನಾನು ಬದಿಯಡ್ಕದ ಹತ್ತಿರ ಮನೆಯಲ್ಲೇ ಟ್ಯೂಷನ್ ಕೊಡುತ್ತೇನೆ. ಪ್ಲಸ್ ಟು ಕಾಮರ್ಸ್‌ನ 14 ಮಕ್ಕಳು ಬರುತ್ತಾರೆ. ಕ್ಯಾಲ್ಕ್‌ನಲ್ಲಿ ಅಡಿಕೆ ಖರೀದಿ ಪಟ್ಟಿ ಮಾಡಿ ತರಲು ಹೇಳಿದ್ದೆ. ಕೆಲವರ ಉತ್ತರ ನೋಡಲು ಸರಿಯೇ ಇದೆ, ಆದರೆ ದರ ಬದಲಿಸಿದರೆ ಲೆಕ್ಕ ಹಾಳು. ಕೆಲವರು ಕಂಡಕಂಡಲ್ಲಿ $ ಹಾಕಿದ್ದಾರೆ. ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಹೇಳಿಕೊಡಲು ನನಗೇ ಗೊಂದಲ. ಒಂದೊಂದೇ ಸೆಲ್ ಒತ್ತಿ ನೋಡಿದರೆ ರಾತ್ರಿಯಿಡೀ ಬೇಕು. ಬೇಗ ನೋಡಿ ಮುಗಿಸುವ ದಾರಿ ಇದೆಯಾ?

ಉತ್ತರ: ಇದೆ ಟೀಚರೇ. ಆದರೆ ಅದಕ್ಕೆ ಮೊದಲು ಒಂದು ಅಭ್ಯಾಸ ಬಿಡಬೇಕು. ನಾವೆಲ್ಲ ಫೈಲ್ ತೆರೆದ ಕೂಡಲೇ ಮೊದಲ ಸಾಲಿನ ಸೆಲ್ ಒತ್ತಿ, ಫಾರ್ಮುಲಾ ನೋಡಿ, ಸರಿ ಇದೆ ಎಂದು ಮುಂದೆ ಹೋಗುತ್ತೇವೆ. ಮೊದಲ ಸಾಲು ಹೆಚ್ಚುಕಮ್ಮಿ ಎಲ್ಲರದ್ದೂ ಸರಿಯೇ ಇರುತ್ತದೆ. ಡಾಲರ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಏಕೆಂದರೆ ಬರೆದ ಸೆಲ್‌ನಲ್ಲಿ ಡಾಲರ್ ಏನೂ ಮಾಡುವುದಿಲ್ಲ. `B1` ಎಂದು ಬರೆದರೂ `$B$1` ಎಂದು ಬರೆದರೂ ಅಲ್ಲಿ ಬರುವ ಉತ್ತರ ಒಂದೇ. ಆ ಫಾರ್ಮುಲಾವನ್ನು ಬೇರೆ ಸೆಲ್‌ಗೆ ಕಾಪಿ ಮಾಡಿದಾಗ ಮಾತ್ರ ಡಾಲರ್‌ಗೆ ಕೆಲಸ. ಹಾಗಾಗಿ ನೋಡಬೇಕಾದದ್ದು ಕೊನೆಯ ಸಾಲನ್ನು.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಕೇಳಿದ್ದ, "ಸರ್, ಡಾಲರ್ ಹಾಕಿದರೆ ರೂಪಾಯಿ ಹೋಗಿ ಡಾಲರ್ ಲೆಕ್ಕ ಬರಲ್ವಾ?" ಎಲ್ಲರೂ ನಕ್ಕರು. ಆದರೆ ನಕ್ಕವರಲ್ಲಿ ಅರ್ಧ ಮಂದಿಗೆ ಅದು ಏಕೆ ಅಂತ ಗೊತ್ತಿರಲಿಲ್ಲ. ಹಣಕ್ಕೂ ಈ ಚಿಹ್ನೆಗೂ ಸಂಬಂಧವೇ ಇಲ್ಲ. "ಕಾಪಿ ಮಾಡುವಾಗ ಇದನ್ನು ಅಲುಗಾಡಿಸಬೇಡ" ಎಂಬುದಕ್ಕೆ ಹಾಕುವ ಗುರುತು ಅದು, ಅಷ್ಟೇ.

ಮಕ್ಕಳಿಗೆ ನಾನು ಹೀಗೆ ಹೇಳುತ್ತೇನೆ. ಯಾರಾದರೂ ದಾರಿ ಕೇಳಿದರೆ ನಾವು ಎರಡು ತರ ಹೇಳುತ್ತೇವೆ. "ಇಲ್ಲಿಂದ ಎಡಕ್ಕೆ ಎರಡನೇ ಮನೆ" ಎನ್ನುವುದು ಒಂದು. "ಮಧೂರು ದೇವಸ್ಥಾನ" ಎನ್ನುವುದು ಇನ್ನೊಂದು. ಮೊದಲನೆಯದು ನೀವು ನಿಂತ ಜಾಗ ಬದಲಾದರೆ ಬೇರೆ ಮನೆಗೆ ಹೋಗುತ್ತದೆ. ಎರಡನೆಯದನ್ನು ಕುಂಬಳೆಯಲ್ಲಿ ನಿಂತು ಹೇಳಿದರೂ ನೀರ್ಚಾಲಿನಲ್ಲಿ ನಿಂತು ಹೇಳಿದರೂ ಅದೇ ದೇವಸ್ಥಾನ. ಡಾಲರ್ ಇಲ್ಲದ ವಿಳಾಸ ಮೊದಲನೇ ತರದ್ದು. `C5` ಒಳಗೆ `B1` ಎಂದು ಬರೆದಾಗ ಕಂಪ್ಯೂಟರ್ ಅದನ್ನು "ಒಂದು ಕಾಲಂ ಎಡಕ್ಕೆ, ನಾಲ್ಕು ಸಾಲು ಮೇಲಕ್ಕೆ" ಎಂದೇ ಓದಿಕೊಳ್ಳುತ್ತದೆ. ಈ ಒಂದು ಮಾತು ತಲೆಗೆ ಹೋದರೆ ಮುಂದಿನದ್ದೆಲ್ಲ ಸುಲಭ.

ನಿಮ್ಮ ಅಡಿಕೆ ಪಟ್ಟಿಯನ್ನೇ ತೆಗೆದುಕೊಳ್ಳೋಣ. ಲೆಕ್ಕ ಬಾಯಲ್ಲೇ ಮಾಡಲು ಬರುವ ಹಾಗೆ ನಾನು ಅಂಕೆಗಳನ್ನು ದುಂಡಗೆ ಇಟ್ಟಿದ್ದೇನೆ, ಇವತ್ತಿನ ಮಾರುಕಟ್ಟೆ ದರ ಅಂದುಕೊಳ್ಳಬೇಡಿ. `B1` ರಲ್ಲಿ ಕಿಲೋಗೆ ದರ 400. `B2` ರಲ್ಲಿ ಕಮಿಷನ್ 2%. ಮೂರನೇ ಸಾಲು ಖಾಲಿ. ನಾಲ್ಕನೇ ಸಾಲಿನಲ್ಲಿ ತಲೆಬರಹ: ಹೆಸರು, ಕಿಲೋ, ಮೊತ್ತ, ಕಮಿಷನ್, ಕೈಗೆ ಸಿಗುವುದು. ಐದರಿಂದ ಒಂಬತ್ತನೇ ಸಾಲಿನವರೆಗೆ ಐದು ಮಂದಿ ಬೆಳೆಗಾರರು. ಅವರು ತಂದ ಅಡಿಕೆ ಕ್ರಮವಾಗಿ 50, 30, 20, 45, 60 ಕಿಲೋ. ಹತ್ತನೇ ಸಾಲಿನಲ್ಲಿ ಒಟ್ಟು. ಕಿಲೋ ಒಟ್ಟು 205, ಮೊತ್ತ ಒಟ್ಟು 82,000, ಕಮಿಷನ್ 1,640, ಕೈಗೆ 80,360. ಇದು ಸರಿಯಾದ ಉತ್ತರ.

ಈಗ ಒಬ್ಬ ಹುಡುಗಿ `C5` ರಲ್ಲಿ ಹೀಗೆ ಬರೆದಳು ಅನ್ನಿ:

```
=B5*B1
```

ಉತ್ತರ 20,000. ಸರಿ. ಆಮೇಲೆ ಸೆಲ್‌ನ ಮೂಲೆಯ ಚಿಕ್ಕ ಚೌಕ ಹಿಡಿದು ಕೆಳಗೆ ಎಳೆದಳು. ಏನಾಯಿತು ನೋಡಿ.

`C6` ರಲ್ಲಿ ಅದು `=B6*B2` ಆಯಿತು. ದರದ ಬದಲು ಕಮಿಷನ್ ಹಿಡಿದುಕೊಂಡಿತು. 30 ಕಿಲೋಗೆ 2% ಅಂದರೆ 0.6. ಮೂವತ್ತು ಕಿಲೋ ಅಡಿಕೆಗೆ ಅರವತ್ತು ಪೈಸೆ. `C7` ರಲ್ಲಿ `=B7*B3`. ಮೂರನೇ ಸಾಲು ಖಾಲಿ, ಖಾಲಿ ಸೆಲ್ ಎಂದರೆ ಲೆಕ್ಕದಲ್ಲಿ ಸೊನ್ನೆ. ಉತ್ತರ 0. `C8` ರಲ್ಲಿ `=B8*B4`. ಅಲ್ಲಿರುವುದು "ಕಿಲೋ" ಎಂಬ ತಲೆಬರಹ. ಅಂಕೆಯನ್ನು ಅಕ್ಷರದಿಂದ ಗುಣಿಸಲು ಬರುವುದಿಲ್ಲ, `#VALUE!` ಎಂದು ಬಂತು. `C9` ರಲ್ಲಿ `=B9*B5`. 60 ಕಿಲೋವನ್ನು ಬೇರೆಯವರ 50 ಕಿಲೋದಿಂದ ಗುಣಿಸಿತು. ಉತ್ತರ 3,000.

ಒಂದೇ ತಪ್ಪು, ನಾಲ್ಕು ಮುಖ. ಇವುಗಳಲ್ಲಿ `#VALUE!` ಎಲ್ಲಕ್ಕಿಂತ ಒಳ್ಳೆಯದು, ಅದು ಕೂಗಿ ಹೇಳುತ್ತದೆ. ಸೊನ್ನೆಯೂ ಕಣ್ಣಿಗೆ ಬೀಳುತ್ತದೆ. ಅರವತ್ತು ಪೈಸೆ ಕೂಡ ಸ್ವಲ್ಪ ನಿಂತು ನೋಡಿದರೆ ಗೊತ್ತಾಗುತ್ತದೆ. ಅಪಾಯ ಇರುವುದು 3,000 ರಲ್ಲಿ. ಅದು ಹಣದ ಹಾಗೆಯೇ ಕಾಣುತ್ತದೆ. ಅಡಿಕೆಯ ದರ ಗೊತ್ತಿಲ್ಲದವರು ಅದನ್ನು ದಾಟಿ ಹೋಗುತ್ತಾರೆ.

ಇನ್ನು ಮಕ್ಕಳು ಇದನ್ನು "ರಿಪೇರಿ" ಮಾಡುವ ಬಗೆ ಇದೆಯಲ್ಲ, ಅಲ್ಲೇ ನಿಮ್ಮ ಪ್ರಶ್ನೆಯ ಮೊದಲ ಭಾಗ ಇರುವುದು. ಒಂದು ಸೆಲ್‌ನಲ್ಲಿ `#VALUE!` ಇದ್ದರೆ ಕೆಳಗಿನ `SUM` ಕೂಡ `#VALUE!` ಆಗುತ್ತದೆ. ಮಗುವಿಗೆ ಗಾಬರಿ. ಪಕ್ಕದವನ ಸ್ಕ್ರೀನ್ ನೋಡಿ, ಅಥವಾ ಫೋನಿನಲ್ಲಿ ಗುಣಿಸಿ, ಆ ಸೆಲ್‌ನಲ್ಲಿ ಸುಮ್ನೆ 18000 ಎಂದು ಟೈಪ್ ಮಾಡಿಬಿಡುತ್ತದೆ. ಅಥವಾ `=B8*400` ಎಂದು ಬರೆಯುತ್ತದೆ. ಈಗ ಪಟ್ಟಿ ಚಂದ. ದರ ಬದಲಿಸಿದ ದಿನ ಆ ಸಾಲು ಮಾತ್ರ ಹಳೆಯ ದರದಲ್ಲೇ ಕೂತಿರುತ್ತದೆ.

ಇದನ್ನು ಹಿಡಿಯಲು ನಾನು ಮಾಡುವುದು ಹೀಗೆ. `B1` ರಲ್ಲಿ 400 ಇರುವುದನ್ನು 401 ಮಾಡುತ್ತೇನೆ. ಒಂದೇ ಒಂದು ರೂಪಾಯಿ ಜಾಸ್ತಿ. ಒಟ್ಟು ಕಿಲೋ 205 ಇರುವುದರಿಂದ ಮೊತ್ತದ ಒಟ್ಟು ಸರಿಯಾಗಿ 205 ರೂಪಾಯಿ ಏರಬೇಕು, 82,205 ಬರಬೇಕು. ಒಬ್ಬಳ ಫೈಲ್‌ನಲ್ಲಿ 82,160 ಬಂತು ಅನ್ನಿ. 45 ರೂಪಾಯಿ ಕಮ್ಮಿ. ಅಂದರೆ 45 ಕಿಲೋ ಇರುವ ಸಾಲು ಅಲುಗಾಡಲಿಲ್ಲ. ನೇರವಾಗಿ `C8` ಒತ್ತಿ ನೋಡಿ, ಅಲ್ಲಿ ಫಾರ್ಮುಲಾ ಇಲ್ಲ, ಬರೀ 18000 ಇದೆ. ಐದು ಸಾಲಿನ ಪಟ್ಟಿಯಲ್ಲಿ ಇದು ದೊಡ್ಡ ವಿಷಯ ಅಲ್ಲ. ಆದರೆ 60 ಸಾಲಿನ ಪಟ್ಟಿಯಲ್ಲಿ, ಏರದೆ ಉಳಿದ ಮೊತ್ತವೇ ತಪ್ಪಿದ ಸಾಲಿನ ಕಿಲೋ ಹೇಳುತ್ತದೆ. ಅದಕ್ಕೇ 410 ಅಲ್ಲ, 401 ಎಂದು ಹೇಳಿದ್ದು. ಭಾಗಿಸುವ ಕೆಲಸ ತಪ್ಪುತ್ತದೆ.

ಒಂದು ಎಚ್ಚರಿಕೆ. ಎರಡು ಸಾಲು ತಪ್ಪಿದ್ದರೆ ಎರಡರ ಮೊತ್ತ ಕಮ್ಮಿಯಾಗುತ್ತದೆ. ನಮ್ಮ ಪಟ್ಟಿಯಲ್ಲಿ 30 ಮತ್ತು 20 ಕಿಲೋದ ಸಾಲುಗಳೆರಡೂ ತಪ್ಪಿದ್ದರೆ 50 ಕಮ್ಮಿ ಬರುತ್ತದೆ, ನಾವು 50 ಕಿಲೋದ ಮೊದಲ ಸಾಲನ್ನು ಸುಮ್ನೆ ದೂರುತ್ತೇವೆ. ಅದಕ್ಕೇ ಹೋಂವರ್ಕ್ ಕೊಡುವಾಗಲೇ ಕಿಲೋಗಳನ್ನು 50, 30 ಎಂದು ದುಂಡಗೆ ಕೊಡದೆ 51, 33, 17 ಅಂತ ಕೊಟ್ಟರೆ ನಿಮಗೇ ಅನುಕೂಲ. ನೋಡಿ ಆದ ಮೇಲೆ ಫೈಲನ್ನು ಸೇವ್ ಮಾಡದೆ ಮುಚ್ಚಿ. ಒಮ್ಮೆ ನಾನು ಮರೆತು ಸೇವ್ ಮಾಡಿ, ಹುಡುಗನ ದರವೇ ತಪ್ಪು ಎಂದು ಅವನಿಗೇ ಬೈದಿದ್ದೆ.

ಕಮಿಷನ್‌ಗೂ ಇದೇ ಪರೀಕ್ಷೆ. 2% ಅನ್ನು 3% ಮಾಡಿ. ಕಮಿಷನ್‌ನ ಒಟ್ಟು 1,640 ಇದ್ದದ್ದು 2,460 ಆಗಬೇಕು.

ಇನ್ನು ಡಾಲರ್ ವಿಷಯ. `C5` ರಲ್ಲಿ ಬೇಕಾದದ್ದು ಇದು:

```
=B5*$B$1
```

ಕಿಲೋ ಪ್ರತಿ ಸಾಲಿಗೂ ಬೇರೆ, ಅದು ಕೆಳಗೆ ಜಾರಬೇಕು. ಹಾಗಾಗಿ ಅದಕ್ಕೆ ಡಾಲರ್ ಇಲ್ಲ. ದರ ಎಲ್ಲರಿಗೂ ಒಂದೇ, ಅದು ನಿಂತಲ್ಲೇ ನಿಲ್ಲಬೇಕು. ಹಾಗಾಗಿ ಅದಕ್ಕೆ ಡಾಲರ್. ಕಾಪಿ ಮಾಡುವ ಮೊದಲು ಮಗು ಪ್ರತಿಯೊಂದು ವಿಳಾಸದ ಮೇಲೆ ಬೆರಳಿಟ್ಟು "ಇದು ನನ್ನ ಜೊತೆ ಬರಬೇಕಾ, ಅಲ್ಲೇ ಇರಬೇಕಾ?" ಎಂದು ಕೇಳಿಕೊಂಡರೆ ಸಾಕು. ತಮಾಷೆ ಏನೆಂದರೆ, 1979 ರಲ್ಲಿ ಬಂದ ವಿಸಿಕ್ಯಾಲ್ಕ್ ಎಂಬ ಹಳೆಯ ಸ್ಪ್ರೆಡ್‌ಶೀಟ್ ಈ ಪ್ರಶ್ನೆಯನ್ನು ತಾನೇ ಕೇಳುತ್ತಿತ್ತು. ಫಾರ್ಮುಲಾ ಕಾಪಿ ಮಾಡಲು ಹೋದರೆ ಒಂದೊಂದು ವಿಳಾಸಕ್ಕೂ ನಿಂತು, ಹಾಗೇ ಇಡಲಾ, ಜಾರಿಸಲಾ ಎಂದು ಕೇಳಿ, ಒಂದಕ್ಷರದ ಉತ್ತರ ಪಡೆದೇ ಮುಂದೆ ಹೋಗುತ್ತಿತ್ತು. ಈಗಿನ ಪ್ರೋಗ್ರಾಂಗಳು ಕೇಳುವುದಿಲ್ಲ. ಉತ್ತರವನ್ನು ನಾವೇ ಮೊದಲೇ ಡಾಲರ್ ರೂಪದಲ್ಲಿ ಬರೆದಿಡಬೇಕು.

ಡಾಲರನ್ನು ಟೈಪ್ ಮಾಡಬೇಕಾಗಿಯೂ ಇಲ್ಲ. ಫಾರ್ಮುಲಾ ಬರೆಯುವಾಗ ಕರ್ಸರ್ `B1` ರ ಮೇಲೆ ಇಟ್ಟು `F4` ಒತ್ತಿದರೆ ಅದು `$B$1` ಆಗುತ್ತದೆ. ಇನ್ನೊಮ್ಮೆ ಒತ್ತಿದರೆ `B$1`, ಮತ್ತೊಮ್ಮೆ `$B1`, ನಾಲ್ಕನೇ ಸಲ ಮೊದಲಿನ `B1`. ತೀರ ಹಳೆಯ ಲಿಬ್ರೆ ಆಫೀಸ್ ಇದ್ದರೆ `Shift+F4`. ಲ್ಯಾಪ್‌ಟಾಪ್ ಆದರೆ ಕೆಲವು ಸಲ `Fn` ಕೂಡ ಹಿಡಿಯಬೇಕು. ಅದು ತಿಳಿಯದೆ `F4` ಒತ್ತಿ ಒತ್ತಿ ಸಾಕಾದ ಮಕ್ಕಳನ್ನು ನೋಡಿದ್ದೇನೆ.

ಡಾಲರ್ ಜಾಸ್ತಿಯಾದರೆ ಹೇಗೆ ಕಾಣುತ್ತದೆ? ಒಬ್ಬ `=$B$5*$B$1` ಎಂದು ಬರೆದು ಎಳೆದರೆ ಐದೂ ಸಾಲಿನಲ್ಲಿ 20,000. ಒಟ್ಟು 1,00,000. ಕಿಲೋ ಬೇರೆ ಬೇರೆ ಇದ್ದು ಮೊತ್ತ ಒಂದೇ ಇದ್ದರೆ ಫಾರ್ಮುಲಾ ತೆರೆಯುವ ಅಗತ್ಯವೇ ಇಲ್ಲ, ಕಾರಣ ಅದೇ. ಒಟ್ಟಿನ ಸಾಲಿನಲ್ಲಿಯೂ ಇದೇ ಕಾಯಿಲೆ ಬರುತ್ತದೆ. `B10` ರಲ್ಲಿ `=SUM(B5:B9)` ಬರೆದು ಬಲಕ್ಕೆ ಎಳೆದರೆ `C10`, `D10`, `E10` ತಾವಾಗಿಯೇ ಸರಿಯಾಗುತ್ತವೆ. ಅಲ್ಲಿ ಡಾಲರ್ ಬೇಡವೇ ಬೇಡ. "ಸರ್ ಡಾಲರ್ ಹಾಕಬೇಕು ಅಂದಿದ್ದರು" ಎಂದು ಅಲ್ಲಿಯೂ ಹಾಕಿದವನ ಕಮಿಷನ್ ಒಟ್ಟು 205 ಎಂದು ಬರುತ್ತದೆ. ಅದು ಕಿಲೋದ ಒಟ್ಟು.

ಟೀಚರುಗಳೇ ಎಡವುವ ಜಾಗ ಬೇರೆ ಇದೆ. ಡಾಲರ್ ಇದೆಯಾ ಎಂದು ಮಾತ್ರ ನೋಡಿ ಟಿಕ್ ಹಾಕುತ್ತೇವೆ. ಡಾಲರ್ ಯಾವ ಕಡೆ ಇದೆ ಎಂದು ನೋಡುವುದಿಲ್ಲ. ಡಾಲರ್ ತನ್ನ ಬಲಗಡೆ ಇರುವುದನ್ನು ಮಾತ್ರ ಹಿಡಿದಿಡುತ್ತದೆ. `$B1` ಎಂದರೆ ಕಾಲಂ ಬಿಗಿ, ಸಾಲು ಸಡಿಲ. ಕೆಳಗೆ ಎಳೆದಾಗ ಬದಲಾಗುವುದು ಸಾಲೇ. ಹಾಗಾಗಿ `=B5*$B1` ಬರೆದು ಎಳೆದರೆ ಡಾಲರ್ ಹಾಕದವಳಿಗೆ ಬಂದ ಅದೇ 0.6, 0, `#VALUE!`, 3,000 ಬರುತ್ತದೆ. `B$1` ಎಂದು ಬರೆದವನದ್ದು ಪೂರ್ತಿ ಸರಿ, ಏಕೆಂದರೆ ಕೆಳಗೆ ಎಳೆಯಲು ಸಾಲು ಹಿಡಿದಿಟ್ಟರೆ ಸಾಕು. ಅವನಿಗೆ "ಎರಡು ಡಾಲರ್ ಇಲ್ಲ" ಎಂದು ಅಂಕ ಕಳೆಯಬೇಡಿ. ನಿಜ ಹೇಳಬೇಕೆಂದರೆ ಅವನೇ ಹೆಚ್ಚು ಅರ್ಥ ಮಾಡಿಕೊಂಡಿರುವುದು.

ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಕೈಟ್‌ನವರು ಕೊಟ್ಟ ಉಬುಂಟು, ಅದರಲ್ಲಿ ಲಿಬ್ರೆ ಆಫೀಸ್ ಕ್ಯಾಲ್ಕ್. ಮನೆಯಲ್ಲಿ ಕೆಲವರ ಹತ್ತಿರ ಎಕ್ಸೆಲ್. ಇಲ್ಲಿ ಒಂದು ಸಣ್ಣ ವ್ಯತ್ಯಾಸ ಗಮನಿಸಿ. ದರವನ್ನು ಬೇರೆ ಶೀಟ್‌ನಲ್ಲಿ ಇಟ್ಟು, ಅಲ್ಲಿ ಹೋಗಿ ಮೌಸ್‌ನಿಂದ ಒತ್ತಿದರೆ ಕ್ಯಾಲ್ಕ್ ತಾನಾಗಿಯೇ ಹೀಗೆ ಬರೆಯುತ್ತದೆ:

```
=B5*$Sheet2.B1
```

ಡಾಲರ್ ಇದೆ, ನಿಜ. ಆದರೆ ಅದು ಹಿಡಿದಿರುವುದು ಶೀಟಿನ ಹೆಸರನ್ನು. `B1` ಇನ್ನೂ ಸಡಿಲವೇ. ಕೆಳಗೆ ಎಳೆದರೆ `$Sheet2.B2`, `$Sheet2.B3` ಎಂದು ಜಾರುತ್ತಲೇ ಹೋಗುತ್ತದೆ. ಬೇಕಾದದ್ದು `$Sheet2.$B$1`. ಎಕ್ಸೆಲ್‌ನಲ್ಲಿ ಇದೇ ವಿಳಾಸ `Sheet2!B1` ಎಂದು ಬರುತ್ತದೆ, ಅಲ್ಲಿ ಈ ಗೊಂದಲ ಇಲ್ಲ. ನನ್ನ ಅನುಭವದಲ್ಲಿ ಜಾಣ ಮಕ್ಕಳು ಜಾಸ್ತಿ ಬೀಳುವ ಗುಂಡಿ ಇದು. ಡಾಲರ್ ಕಂಡಿತು, ಕೆಲಸ ಆಯಿತು ಅಂದುಕೊಂಡು ಬಿಡುತ್ತಾರೆ.

ಈಗ 14 ಫೈಲ್‌ಗಳನ್ನು ಬೇಗ ನೋಡುವುದು ಹೇಗೆ ಎಂಬುದಕ್ಕೆ ಬರುತ್ತೇನೆ. ಫೈಲ್ ತೆರೆದು ಮೊದಲು 401 ರ ಪರೀಕ್ಷೆ. ಒಟ್ಟು 82,205 ಬಂತು, ಸರಿ. ಆಮೇಲೆ `Ctrl` ಹಿಡಿದು, ಕೀಬೋರ್ಡ್‌ನಲ್ಲಿ 1 ರ ಎಡಗಡೆ ಇರುವ `` ` `` ಕೀ ಒತ್ತಿ. ಉತ್ತರಗಳ ಬದಲು ಎಲ್ಲಾ ಸೆಲ್‌ಗಳಲ್ಲಿ ಫಾರ್ಮುಲಾ ಕಾಣುತ್ತದೆ. ಮೆನುವಿನಲ್ಲಾದರೆ `View` ಒಳಗೆ `Show Formula`. ಕಾಲಂ ಕಿರಿದಾಗಿದ್ದರೆ ಸ್ವಲ್ಪ ಅಗಲ ಮಾಡಿಕೊಳ್ಳಿ. ಟೈಪ್ ಮಾಡಿದ 18000 ಇಲ್ಲಿ ಬರೀ ಅಂಕೆಯಾಗಿ ನಿಂತು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಈಗ ಒಂಬತ್ತನೇ ಸಾಲು ಮಾತ್ರ ಓದಿ. `C9` ರಲ್ಲಿ `=B9*$B$1`, `D9` ರಲ್ಲಿ `=C9*$B$2`, `E9` ರಲ್ಲಿ `=C9-D9` ಇರಬೇಕು. ಮೂರರಲ್ಲೂ 9 ಇದೆಯಾ, ದರ ಮತ್ತು ಕಮಿಷನ್ 1 ಮತ್ತು 2 ರಲ್ಲೇ ನಿಂತಿವೆಯಾ, ಅಷ್ಟೇ. ಹತ್ತನೇ ಸಾಲಿನಲ್ಲಿ `SUM` 9 ರಲ್ಲಿ ಮುಗಿಯುತ್ತದಾ ನೋಡಿ. ಅದು `C8` ರಲ್ಲಿ ನಿಂತಿದ್ದರೆ ಒಟ್ಟು 58,000 ಬರುತ್ತದೆ. ಕೊನೆಗೆ ಒಬ್ಬರನ್ನು ಸೇರಿಸಿದವರ ಪಟ್ಟಿಯಲ್ಲಿ ಇದು ಮಾಮೂಲು. ಒಮ್ಮೆ ಒಂದು ಸಂಘದ ವಾರ್ಷಿಕ ಲೆಕ್ಕ ಮಾಡಿಕೊಡುವಾಗ ನಾನೇ ಹೀಗೆ ಕೊನೆಯ ಸಾಲು ಬಿಟ್ಟಿದ್ದೆ. ಸಭೆಯಲ್ಲಿ ಎದ್ದು ನಿಂತದ್ದು ಬೇರೆ ಯಾರೂ ಅಲ್ಲ, ಆ ಕೊನೆಯ ಸಾಲಿನವರೇ.

ಇನ್ನೊಂದು ತರದ ತಪ್ಪು ಕೊನೆಯ ಸಾಲಿನಲ್ಲೇ ಚೆನ್ನಾಗಿ ಕಾಣುತ್ತದೆ. ಮೌಸ್ ಒತ್ತುವಾಗ ಒಂದು ಸಾಲು ಕೆಳಗೆ ಬಿದ್ದು `C5` ರಲ್ಲಿ `=B6*$B$1` ಎಂದಾಗಿದ್ದರೆ ಡಾಲರ್ ಸರಿಯಿದ್ದರೂ ಎಲ್ಲರಿಗೂ ಮುಂದಿನವರ ದುಡ್ಡು. `C9` ಗೆ ಬಂದಾಗ ಅದು `B10` ಹಿಡಿಯುತ್ತದೆ. ಅಲ್ಲಿರುವುದು ಕಿಲೋದ ಒಟ್ಟು. ಹಾಗಾಗಿ ಕೊನೆಯ ಬೆಳೆಗಾರನಿಗೆ 82,000 ರೂಪಾಯಿ. ಆ ಮನುಷ್ಯ ಹೋಂವರ್ಕ್ ತಿದ್ದಲು ಬಿಡುವುದಿಲ್ಲ!

ಇಷ್ಟು ಮಾಡಿದರೂ ತಪ್ಪಿಸಿಕೊಳ್ಳುವವರು ಒಂದು ಬಗೆಯವರು ಇದ್ದಾರೆ. ಕಾಪಿಯೇ ಮಾಡದೆ ಪ್ರತಿ ಸಾಲಿಗೂ `=B5*B1`, `=B6*B1`, `=B7*B1` ಎಂದು ಕೈಯಲ್ಲಿ ಬರೆದವರು. ಉತ್ತರ ಸರಿ, 401 ರ ಪರೀಕ್ಷೆಯೂ ಪಾಸು. ಆದರೆ ಪಾಠ ಇದ್ದದ್ದೇ ಕಾಪಿ ಮಾಡುವುದರ ಬಗ್ಗೆ. ಐದು ಸಾಲು ಕೈಯಲ್ಲಿ ಬರೆಯಬಹುದು, ಐನೂರು ಆಗುವುದಿಲ್ಲ. ಡಾಲರ್ ಇಲ್ಲದಿದ್ದರೂ `C9` ರಲ್ಲಿ `B1` ಇದೆ ಎಂದರೆ ಅದು ಎಳೆದು ಬಂದದ್ದಲ್ಲ, ಬರೆದದ್ದು.

ದೊಡ್ಡ ಪಟ್ಟಿಯಲ್ಲಿ ಇಂಥ ಗುಂಪಿಗೆ ಸೇರದ ಸೆಲ್‌ಗಳನ್ನು ಹಿಡಿಯಲು ಒಂದು ಉಪಾಯ ಇದೆ. ಕ್ಯಾಲ್ಕ್‌ನಲ್ಲಿ `Tools > Options > LibreOffice Calc > Formula` ಗೆ ಹೋಗಿ, ಮೇಲೆಯೇ ಇರುವ ಪಟ್ಟಿಯಲ್ಲಿ `Excel R1C1` ಆರಿಸಿ. ಕಾಲಂಗಳ A, B, C ಹೋಗಿ 1, 2, 3 ಬರುತ್ತದೆ, ಗಾಬರಿಯಾಗಬೇಡಿ. ಈಗ ಫಾರ್ಮುಲಾ ನೋಟದಲ್ಲಿ ಸರಿಯಾದ ಮೊತ್ತದ ಕಾಲಂ ಮೇಲಿಂದ ಕೆಳಗಿನವರೆಗೆ ಹೀಗೆ ಕಾಣುತ್ತದೆ:

```
=RC[-1]*R1C2
```

R ಎಂದರೆ ಸಾಲು, C ಎಂದರೆ ಕಾಲಂ. ಚೌಕ ಆವರಣದ ಒಳಗಿನ ಅಂಕೆ "ಇಲ್ಲಿಂದ ಎಷ್ಟು ದೂರ" ಎಂಬುದು, ಅಂದರೆ ಎಡಕ್ಕೆ ಎರಡನೇ ಮನೆಯ ಲೆಕ್ಕ. ಆವರಣ ಇಲ್ಲದ `R1C2` ಮಧೂರು ದೇವಸ್ಥಾನ. ಐದೂ ಸಾಲಿನಲ್ಲಿ ಅಕ್ಷರ ಅಕ್ಷರ ಒಂದೇ ಇರಬೇಕು. ಕೈಯಲ್ಲಿ ಬರೆದವರದ್ದು ಮೊದಲ ಸಾಲಿನಲ್ಲಿ `R[-4]C[-1]`, ಎರಡನೆಯದರಲ್ಲಿ `R[-5]C[-1]` ಎಂದು ಮೆಟ್ಟಿಲಿನ ಹಾಗೆ ಇಳಿಯುತ್ತದೆ. ಡಾಲರ್ ಮರೆತು ಎಳೆದವಳದ್ದು ಎಲ್ಲಾ ಸಾಲಿನಲ್ಲಿ `R[-4]C[-1]` ಎಂದೇ ಇರುತ್ತದೆ. ಅಂದರೆ ಸಾಲುಗಳು ಒಂದೇ ತರ ಇದ್ದ ಮಾತ್ರಕ್ಕೆ ಸರಿ ಎಂದಲ್ಲ, ದರಕ್ಕೆ ಆವರಣ ಇರಬಾರದು. ಎರಡೂ ನೋಡಿ. ಮುಗಿದ ಮೇಲೆ ಅದೇ ಜಾಗದಲ್ಲಿ `Calc A1` ಗೆ ವಾಪಸ್ ಮಾಡಿ. ಎಕ್ಸೆಲ್‌ನಲ್ಲಿ ಇದು `File > Options > Formulas` ಒಳಗೆ `R1C1 reference style` ಎಂಬ ಟಿಕ್. ಮಕ್ಕಳಿಗೆ ಇದನ್ನು ಕಲಿಸಬೇಕಾಗಿಲ್ಲ, ತಿದ್ದುವವರಿಗೆ ಮಾತ್ರ.

ಒಂದು ಸೆಲ್ ಏಕೆ ತಪ್ಪು ಎಂದು ಮಗುವಿಗೆ ತೋರಿಸಲು ಮಾತ್ರ ಬೇರೆ ದಾರಿ ಚೆಂದ. ಆ ಸೆಲ್ ಮೇಲೆ ನಿಂತು `F2` ಒತ್ತಿ. ಅದು ಯಾವ ಯಾವ ಸೆಲ್ ಹಿಡಿದಿದೆಯೋ ಅವುಗಳ ಸುತ್ತ ಬಣ್ಣದ ಚೌಕ ಬರುತ್ತದೆ. ಇಲ್ಲವೇ `Tools > Detective > Trace Precedents`. ಆಗ ನೀಲಿ ಬಾಣ ಬರುತ್ತದೆ. 3,000 ದ ಸೆಲ್‌ನ ಬಾಣ ಬೇರೆಯವರ ಕಿಲೋದಿಂದ ಹೊರಟಿರುವುದನ್ನು ಕಣ್ಣಾರೆ ಕಂಡ ಮಗುವಿಗೆ ಮತ್ತೆ ವಿವರಣೆ ಬೇಕಾಗುವುದಿಲ್ಲ.

ಇನ್ನು ಅರ್ಧ ಡಾಲರ್, ಅಂದರೆ `$A2` ಮತ್ತು `B$1` ತರದ್ದು. ಇದು ನಿಜವಾಗಿ ಬೇಕಾಗುವುದು ಕೆಳಗೂ ಬಲಕ್ಕೂ ಎರಡೂ ಕಡೆ ಎಳೆಯುವಾಗ. ಮುಂದಿನ ಹೋಂವರ್ಕ್‌ಗೆ ಒಂದು ದರದ ಪಟ್ಟಿ ಕೊಡಿ. ಹೊಸ ಶೀಟ್‌ನಲ್ಲಿ `B1`, `C1`, `D1` ರಲ್ಲಿ ಮೂರು ದರ: 380, 400, 420. `A2` ರಿಂದ `A5` ವರೆಗೆ ಕಿಲೋ: 10, 20, 30, 40. ನಡುವಿನ ಹನ್ನೆರಡು ಸೆಲ್‌ಗಳನ್ನು ಒಂದೇ ಫಾರ್ಮುಲಾದಿಂದ ತುಂಬಬೇಕು:

```
=$A2*B$1
```

ಕಿಲೋ ಯಾವಾಗಲೂ A ಕಾಲಂನಲ್ಲೇ ಇರುತ್ತದೆ, ಆದರೆ ಸಾಲು ಬದಲಾಗುತ್ತದೆ. ಹಾಗಾಗಿ A ಗೆ ಡಾಲರ್, 2 ಕ್ಕೆ ಇಲ್ಲ. ದರ ಯಾವಾಗಲೂ ಒಂದನೇ ಸಾಲಿನಲ್ಲೇ, ಆದರೆ ಕಾಲಂ ಬದಲಾಗುತ್ತದೆ. ಹಾಗಾಗಿ 1 ಕ್ಕೆ ಡಾಲರ್, B ಗೆ ಇಲ್ಲ. `B2` ರಲ್ಲಿ ಬರೆದು, ಮೊದಲು ಬಲಕ್ಕೆ ಎಳೆದು, ಆ ಮೂರು ಸೆಲ್ ಆರಿಸಿ ಕೆಳಗೆ ಎಳೆದರೆ ಆಯಿತು.

ತಿದ್ದುವಾಗ ಇಲ್ಲಿ ನೋಡಬೇಕಾದದ್ದು ಒಂದೇ ಸೆಲ್, ಬಲಗಡೆ ಕೆಳಮೂಲೆಯ `D5`. ಅಲ್ಲಿ `=$A5*D$1` ಇದ್ದು ಉತ್ತರ 16,800 ಬಂದರೆ, ಮಗು ಎಳೆದೇ ತುಂಬಿಸಿದ್ದರೆ, ಉಳಿದ ಹನ್ನೊಂದೂ ಸರಿ. ತಪ್ಪಾದರೆ ಅದರ ರೂಪವೇ ಕಾರಣ ಹೇಳುತ್ತದೆ. ಹನ್ನೆರಡೂ ಕಡೆ 3,800 ಇದ್ದರೆ ಎಲ್ಲಕ್ಕೂ ಡಾಲರ್ ಹಾಕಿದ್ದಾನೆ. ಅಂಕೆಗಳು ಹುಚ್ಚು ಹಿಡಿದ ಹಾಗೆ ಬೆಳೆದಿದ್ದರೆ ಒಂದಕ್ಕೂ ಹಾಕಿಲ್ಲ. `=A2*B1` ಬಲಕ್ಕೆ ಹೋಗಿ `=B2*C1` ಆಗುತ್ತದೆ, ಅಂದರೆ 3,800 ನ್ನು 400 ರಿಂದ ಗುಣಿಸಿ 15,20,000. ಅದರ ಮುಂದಿನದು ಅದನ್ನೂ 420 ರಿಂದ ಗುಣಿಸಿ 63,84,00,000. ಕೆಳಗೆ ಹೋದರೆ ಕಾಲಂನಲ್ಲಿ ಹಿಡಿಯದೆ `E+` ಇರುವ ಅಂಕೆ, ಇಲ್ಲವೇ `###` ಬರುತ್ತದೆ. ಮಕ್ಕಳು ಕಾಲಂ ಅಗಲ ಮಾಡುತ್ತಾ ಕೂರುತ್ತಾರೆ.

ಮೂರನೆಯದು ಡಾಲರ್ ಅದಲುಬದಲು ಮಾಡಿದವರದ್ದು, `=A$2*$B1`. ಎರಡು ಡಾಲರ್ ಇವೆ, ನೋಡಲು ಸರಿಯಾದ ಫಾರ್ಮುಲಾದ ಅಣ್ಣತಮ್ಮನ ಹಾಗೆಯೇ ಇದೆ. ಮೊದಲ ಸೆಲ್‌ನಲ್ಲಿ ಉತ್ತರವೂ 3,800. ಆದರೆ ಕೆಳಗಿನ `B3` ರಲ್ಲಿ 7,600 ಬರಬೇಕಾದಲ್ಲಿ 38,000 ಬರುತ್ತದೆ, ಏಕೆಂದರೆ ಅದು 10 ಕಿಲೋವನ್ನು ಮೇಲಿನ ಉತ್ತರದಿಂದಲೇ ಗುಣಿಸಿದೆ. ಇದಕ್ಕೆ ನಾನು ಅರ್ಧ ಅಂಕ ಕೊಡುತ್ತೇನೆ. ಒಂದು ಕಡೆ ಸಾಲು, ಒಂದು ಕಡೆ ಕಾಲಂ ಹಿಡಿಯಬೇಕು ಎಂದು ಅವನಿಗೆ ಗೊತ್ತಾಗಿದೆ. ಯಾವುದು ಯಾವುದು ಎಂದು ತಪ್ಪಿದೆ. ಎಲ್ಲಕ್ಕೂ ಡಾಲರ್ ಹಾಕಿದವನಿಗೂ ಇವನಿಗೂ ಒಂದೇ ಸೊನ್ನೆ ಕೊಡುವುದು ನ್ಯಾಯ ಅಲ್ಲ, ಅಲ್ವಾ?

ಅಂದ ಹಾಗೆ, ಎರಡು ಫೈಲ್‌ಗಳಲ್ಲಿ ಒಂದೇ ಸೆಲ್‌ನಲ್ಲಿ ಒಂದೇ 18000 ಟೈಪ್ ಆಗಿದ್ದರೆ ಅದು ಡಾಲರ್ ಪಾಠದ ವಿಷಯ ಅಲ್ಲ. ಪೆನ್‌ಡ್ರೈವ್ ಯಾರದ್ದು ಎಂದು ವಿಚಾರಿಸಿ.